ಟಿವಿಯಲ್ಲಿ ಪಾಸ್‌ವರ್ಡ್ ಬೇಗ ಹೊಡೆಯಲು ಯಾವುದನ್ನು ತಗೊಳ್ಳಬೇಕು: ಡಾಂಗಲ್ ಕೀಬೋರ್ಡೋ, ಬ್ಲೂಟೂತೋ, ಮೌಸೋ?

ಕಳೆದ ದೀಪಾವಳಿಗೆ ಅಕ್ಕನ ಮನೆಗೆ 43 ಇಂಚಿನ ಗೂಗಲ್ ಟಿವಿ ಬಂತು. ಅಂಗಡಿಯ ಹುಡುಗ ಗೋಡೆಗೆ ಹಾಕಿ ಕೊಟ್ಟು ಹೋದ. ಉಳಿದದ್ದು ವೈಫೈ ಪಾಸ್‌ವರ್ಡ್ ಒಂದೇ. ಇಂಟರ್ನೆಟ್ ಹಾಕಿದವರು ರೌಟರಿನ ಕೆಳಗೆ ಚೀಟಿ ಅಂಟಿಸಿ ಹೋಗಿದ್ದರು: ದೊಡ್ಡಕ್ಷರ, ಚಿಕ್ಕಕ್ಷರ, ಅಂಕಿ, ನಡುವೆ ಒಂದು `@`. ಭಾವ ರಿಮೋಟ್ ಹಿಡಿದು ಮೂರು ಸಲ ಹೊಡೆದರು, ಮೂರು ಸಲವೂ ಟಿವಿ ತಪ್ಪು ಎಂದಿತು. ನಾಲ್ಕನೇ ಸಲ ನಾನು ಬ್ಯಾಗಿನಲ್ಲಿದ್ದ ಡಾಂಗಲ್ ಕೀಬೋರ್ಡ್ ತೆಗೆದು ಅದರ ಡಾಂಗಲನ್ನು, ಅಂದರೆ ಪುಟ್ಟ ಯುಎಸ್‌ಬಿ ತುಂಡನ್ನು, ಟಿವಿ ಹಿಂದೆ ಚುಚ್ಚಿದೆ. ಹೊಡೆಯಲು ಹತ್ತು ಸೆಕೆಂಡ್ ಸಾಕಾಯಿತು. ಆಮೇಲೆ ನಮ್ಮ ಬಳಗದಲ್ಲಿ ಯಾರು ಟಿವಿ ತಂದರೂ ನನ್ನನ್ನು ಕೇಳುವುದು ಇದೇ ಪ್ರಶ್ನೆ. ಹಾಗಾಗಿ ನಾನು ಬಳಸಿ ನೋಡಿದ ಬಗೆಗಳನ್ನು ಪಕ್ಕಪಕ್ಕ ಇಟ್ಟು ಬರೆಯುತ್ತಿದ್ದೇನೆ.

ಮೊದಲು ರಿಮೋಟಿನಲ್ಲಿ ಯಾಕೆ ಅಷ್ಟು ಹೊತ್ತು ಹಿಡಿಯುತ್ತದೆ ಎಂದು ಎಣಿಸಿ ನೋಡೋಣ. ಕೆಲವು ಆ್ಯಪ್‌ಗಳು ಅಕ್ಷರಗಳನ್ನು ಸಾಲಿಗೆ ಆರರಂತೆ ಚೌಕದಲ್ಲಿ ಜೋಡಿಸಿರುತ್ತವೆ: ಮೊದಲ ಸಾಲಿನಲ್ಲಿ a ಇಂದ f, ಎರಡನೆಯದರಲ್ಲಿ g ಇಂದ l, ಹೀಗೆ ಕೆಳಗೆ z ಮುಗಿದ ಮೇಲೆ 1 ಇಂದ 0 ತನಕ ಅಂಕಿಗಳು. ಅದರಲ್ಲಿ `kaveri4827` ಎಂದು ಹೊಡೆಯಬೇಕು ಎಂದಿಟ್ಟುಕೊಳ್ಳಿ. ಆಯ್ಕೆಯ ಗುರುತು ಮೊದಲು a ಮೇಲೆ ನಿಂತಿರುತ್ತದೆ. k ಗೆ ಹೋಗಲು ಒಂದು ಸಲ ಕೆಳಗೆ, ನಾಲ್ಕು ಸಲ ಬಲಕ್ಕೆ, ಅಲ್ಲಿಗೆ ಐದು. ಮತ್ತೆ a ಗೆ ವಾಪಸ್ ಬರಲು ಐದು. a ಇಂದ v ಗೆ ಆರು. ಹೀಗೆ ಕೊನೆಯ 7 ರವರೆಗೆ ಲೆಕ್ಕ ಹಾಕಿದರೆ ಬಾಣದ ಗುಂಡಿಯೇ 39 ಸಲ, ಅದರ ಮೇಲೆ ಓಕೆ 10 ಸಲ. ಒಟ್ಟು 49 ಒತ್ತು, ಅದೂ ಒಂದೇ ಒಂದು ದೊಡ್ಡಕ್ಷರವಾಗಲಿ ಚಿಹ್ನೆಯಾಗಲಿ ಇಲ್ಲದ ಪಾಸ್‌ವರ್ಡಿಗೆ. `@` ಬಂತೆಂದರೆ ಚಿಹ್ನೆಗಳ ಪುಟಕ್ಕೆ ಹೋಗಬೇಕು, ಅಲ್ಲಿ ಹುಡುಕಬೇಕು, ಮತ್ತೆ ಅಕ್ಷರಗಳ ಪುಟಕ್ಕೆ ಬರಬೇಕು. ಈ 49ರಲ್ಲಿ ಒಂದು ಒತ್ತು ಹೆಚ್ಚಾದರೆ ಪಕ್ಕದ ಅಕ್ಷರ ಬೀಳುತ್ತದೆ. ಪಾಸ್‌ವರ್ಡ್ ಜಾಗದಲ್ಲಿ ಬರುವುದು ಚುಕ್ಕಿ ಮಾತ್ರವಾದ್ದರಿಂದ ಕಣ್ಣಿಗೆ ಕಾಣುವುದೇ ಇಲ್ಲ. ಇನ್ನೊಂದು ತೊಂದರೆಯೂ ಇದೆ. ಗುರುತು ಒಂದೊಂದೇ ಅಕ್ಷರದ ಮೇಲೆ ನಿಂತು ಹೋಗುವುದನ್ನು ಕೋಣೆಯಲ್ಲಿ ಕೂತವರೆಲ್ಲ ನೋಡುತ್ತಿರುತ್ತಾರೆ. ಕೀಬೋರ್ಡ್ ಆದರೆ ಹತ್ತು ಅಕ್ಷರಕ್ಕೆ ಹತ್ತು ಒತ್ತು, ತೆರೆಯ ಮೇಲೆ ಯಾರಿಗೂ ಏನೂ ತಿಳಿಯುವುದಿಲ್ಲ.

ಕೊಳ್ಳುವ ಮುಂಚೆ ಒಂದು ಮಾತು

ನಿಮ್ಮ ಟಿವಿಯಲ್ಲಿ ನೀವು ಹೊಡೆಯಬೇಕಾದ ಪಾಸ್‌ವರ್ಡ್ ಯಾವುದು ಎಂದು ಮೊದಲು ಕೇಳಿಕೊಳ್ಳಿ. ಯೂಟ್ಯೂಬ್, ನೆಟ್‌ಫ್ಲಿಕ್ಸ್, ಪ್ರೈಮ್ ವಿಡಿಯೋ, ಇಂಥ ದೊಡ್ಡ ಆ್ಯಪ್‌ಗಳಲ್ಲಿ ಲಾಗಿನ್ ಆಗಲು ಟಿವಿಯಲ್ಲಿ ಪಾಸ್‌ವರ್ಡ್ ಹೊಡೆಯಲೇಬೇಕೆಂದಿಲ್ಲ. ಟಿವಿ ಒಂದು ಕೋಡ್ ಅಥವಾ ಕ್ಯೂಆರ್ ಚೌಕ ತೋರಿಸುತ್ತದೆ. ಯೂಟ್ಯೂಬ್ ಆದರೆ ಫೋನಿನಲ್ಲಿ `youtube.com/activate`, ಪ್ರೈಮ್ ಆದರೆ `primevideo.com/mytv` ತೆರೆದು ಆ ಕೋಡ್ ಹಾಕಿದರೆ ಮುಗಿಯಿತು. ಪಾಸ್‌ವರ್ಡ್ ಫೋನಿನಲ್ಲೇ ಉಳಿಯುತ್ತದೆ, ಟಿವಿಯನ್ನು ಮುಟ್ಟುವುದೇ ಇಲ್ಲ. ಇಷ್ಟೇ ನಿಮ್ಮ ಅಗತ್ಯವಾದರೆ ದುಡ್ಡು ಉಳಿಸಿ.

ಇನ್ನೊಂದು ದಾರಿ ಫೋನನ್ನೇ ರಿಮೋಟ್ ಮಾಡಿಕೊಳ್ಳುವುದು. ಗೂಗಲ್ ಟಿವಿಗೆ ಗೂಗಲ್ ಹೋಮ್ ಆ್ಯಪಿನಲ್ಲೇ ರಿಮೋಟ್ ಇದೆ, ಬರೆಯುವ ಜಾಗಕ್ಕೆ ಹೋದಾಗ ಫೋನಿನ ಕೀಬೋರ್ಡಿನಿಂದಲೇ ಟೈಪ್ ಮಾಡಬಹುದು. ಆಪಲ್ ಟಿವಿಗೆ ಐಫೋನ್ ಕೂಡ ಹಾಗೆಯೇ ಕೆಲಸ ಮಾಡುತ್ತದೆ. ಆದರೆ ಇಂಥ ಆ್ಯಪ್ ರಿಮೋಟ್‌ಗಳಿಗೆ ಸಾಮಾನ್ಯವಾಗಿ ಫೋನೂ ಟಿವಿಯೂ ಒಂದೇ ವೈಫೈಯಲ್ಲಿರಬೇಕು. ಅಕ್ಕನ ಮನೆಯಲ್ಲಿ ಸಿಕ್ಕಿಕೊಂಡದ್ದು ಅಲ್ಲೇ: ವೈಫೈಗೆ ಸೇರಿಸಲು ಪಾಸ್‌ವರ್ಡ್ ಬೇಕು, ಪಾಸ್‌ವರ್ಡನ್ನು ಫೋನಿನಿಂದ ಹೊಡೆಯೋಣವೆಂದರೆ ಮೊದಲು ವೈಫೈ ಬೇಕು. ಹೊಸ ಗೂಗಲ್ ಟಿವಿಗಳ ಮೊದಲ ಸೆಟಪ್ಪನ್ನು ಫೋನಿನಿಂದ ಮಾಡುವ ಅವಕಾಶವೂ ಇದೆ. ಅದನ್ನು ಬಿಟ್ಟು ಮುಂದೆ ಹೋಗಿದ್ದರೆ ಅಥವಾ ಆರು ತಿಂಗಳ ಮೇಲೆ ರೌಟರ್ ಬದಲಾದರೆ ಮತ್ತೆ ಅದೇ ಬಾಗಿಲಿಗೆ ಬರುತ್ತೀರಿ.

ಅಂದರೆ ಕೀಬೋರ್ಡ್ ನಿಜವಾಗಿ ಬೇಕಾಗುವ ಜಾಗಗಳು ಇಷ್ಟು. ವೈಫೈ ಪಾಸ್‌ವರ್ಡ್. ಕೋಡ್ ತೋರಿಸದೆ ನೇರವಾಗಿ ಇಮೇಲ್ ಮತ್ತು ಪಾಸ್‌ವರ್ಡ್ ಕೇಳುವ ಸಣ್ಣ ಆ್ಯಪ್‌ಗಳು. ಟಿವಿಯ ಬ್ರೌಸರ್. ಮನೆಯ ಕಂಪ್ಯೂಟರಿನ ಫೋಲ್ಡರಿನಿಂದ ವಿಎಲ್‌ಸಿ, ಕೋಡಿಯಂಥ ಆ್ಯಪ್‌ಗಳಲ್ಲಿ ಸಿನಿಮಾ ನೋಡುವವರಿಗೆ ಆ ಕಂಪ್ಯೂಟರಿನ ಯೂಸರ್ ನೇಮ್, ಪಾಸ್‌ವರ್ಡ್. ಇವುಗಳಲ್ಲಿ ಒಂದಾದರೂ ನಿಮಗೆ ಮೇಲಿಂದ ಮೇಲೆ ಬರುತ್ತಿದ್ದರೆ ಮುಂದೆ ಓದಿ. ವರ್ಷಕ್ಕೊಮ್ಮೆ ಬರುವುದಾದರೆ ಹಳೆಯ ಕಂಪ್ಯೂಟರಿನ ವೈರ್ ಇರುವ ಯುಎಸ್‌ಬಿ ಕೀಬೋರ್ಡನ್ನೇ ಟಿವಿ ಹಿಂದೆ ಚುಚ್ಚಿ. ಕೆಲಸ ಅದೇ, ಟಿವಿ ಹತ್ತಿರ ನಿಂತು ಹೊಡೆಯಬೇಕು ಅಷ್ಟೆ.

ಡಾಂಗಲ್ ಕೀಬೋರ್ಡ್

ಬೆರಳ ತುದಿಯಷ್ಟು ಚಿಕ್ಕ ಯುಎಸ್‌ಬಿ ಡಾಂಗಲ್ ಜೊತೆ ಬರುವ, 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುವ ಕೀಬೋರ್ಡ್ ಇದು. ಮನೆಯ ಟಿವಿಗೆ ನನ್ನ ಮೊದಲ ಆಯ್ಕೆ ಇದೇ. ಕಾರಣ ಒಂದೇ: ಟಿವಿಯ ಜೊತೆ ಇದನ್ನು ಪೇರ್ ಮಾಡುವ ಗೋಜಿಲ್ಲ. ಕೀಬೋರ್ಡಿಗೂ ಡಾಂಗಲಿಗೂ ಕಾರ್ಖಾನೆಯಲ್ಲೇ ಜೋಡಿಯಾಗಿರುತ್ತದೆ, ಟಿವಿಗೆ ಅದು ವೈರ್ ಕೀಬೋರ್ಡ್ ಎಂದೇ ಕಾಣುತ್ತದೆ. ಹೊಸ ಟಿವಿಯ ಮೊದಲ ಪುಟದಲ್ಲೇ, ವೈಫೈ ಕೂಡ ಇಲ್ಲದ ಹೊತ್ತಿನಲ್ಲಿ, ಚುಚ್ಚಿದ ಎರಡು ಮೂರು ಸೆಕೆಂಡಿಗೆ ಟೈಪ್ ಮಾಡಬಹುದು. ಬಾಣದ ಗುಂಡಿಗಳು ರಿಮೋಟಿನ ಬಾಣದಂತೆ, ಎಂಟರ್ ಓಕೆಯಂತೆ ಕೆಲಸ ಮಾಡುತ್ತವೆ. ಆಂಡ್ರಾಯ್ಡ್ ಟಿವಿಗಳಲ್ಲಿ ಸಾಮಾನ್ಯವಾಗಿ ಎಸ್ಕೇಪ್ ಒತ್ತಿದರೆ ಬ್ಯಾಕ್.

ಇದರಲ್ಲಿ ಎರಡು ಬಗೆ. ಒಂದು ಲಾಜಿಟೆಕ್ ಕೆ400 ಪ್ಲಸ್‌ನಂತೆ ಬಲಬದಿಗೆ ಟಚ್‌ಪ್ಯಾಡ್ ಇರುವ ದೊಡ್ಡ ಕೀಬೋರ್ಡ್, ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಹೊಡೆಯುವಂಥದ್ದು. ಇನ್ನೊಂದು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಥವಾ ಆನ್‌ಲೈನಿನಲ್ಲಿ ಸಾವಿರ ರೂಪಾಯಿಯೊಳಗೇ ಸಿಗುವ ಮಿನಿ ಕೀಬೋರ್ಡ್, ಎರಡು ಹೆಬ್ಬೆರಳಲ್ಲಿ ಹೊಡೆಯುವಂಥದ್ದು. ದಿನಾ ಬ್ರೌಸರ್ ಬಳಸುವವರಿಗೆ ದೊಡ್ಡದು. ಪಾಸ್‌ವರ್ಡಿಗೆ ಮಾತ್ರವಾದರೆ ಮಿನಿಯೇ ಸಾಕು, ಆದರೆ ಗುಂಡಿಗೆ ಬೆಳಕಿರುವುದನ್ನು ನೋಡಿ ತಗೊಳ್ಳಿ, ದೀಪ ಆರಿಸಿ ಟಿವಿ ನೋಡುವ ಮನೆಯಲ್ಲಿ ಅದು ಬೇಕೇ ಬೇಕು. ಮಿನಿಯಲ್ಲಿ `@`, `#`, `_` ಇವು ಎಲ್ಲಿವೆ ಎಂದು ಅಂಗಡಿಯಲ್ಲೇ ನೋಡಿ. ಕೆಲವದರಲ್ಲಿ ಚಿಹ್ನೆಗಳಿಗೆ ಶಿಫ್ಟ್ ಅಲ್ಲ, ಎಫ್‌ಎನ್ ಗುಂಡಿ ಒತ್ತಬೇಕು.

ಈ ಬಗೆಯಲ್ಲಿ ಎಡವುವುದು ಹೆಚ್ಚಾಗಿ ಸಿಗ್ನಲ್‌ನಲ್ಲಿ. ಡಾಂಗಲ್ ಟಿವಿಯ ಬೆನ್ನಿಗಿರುತ್ತದೆ, ನೀವು ಎದುರಿಗಿರುತ್ತೀರಿ, ನಡುವೆ ಟಿವಿಯ ತಗಡು. ಪಕ್ಕದಲ್ಲೇ ಹಾರ್ಡ್ ಡಿಸ್ಕ್ ಸಿಕ್ಕಿಸಿದ್ದರೆ ಇನ್ನೂ ಕಷ್ಟ. ಯುಎಸ್‌ಬಿ 3.0 ಕೆಲಸ ಮಾಡುವಾಗ 2.4 ಗಿಗಾಹರ್ಟ್ಸ್‌ನ ಸುತ್ತಲೇ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿತ್ತು. ಇದರಿಂದ ಆಗುವುದೇನೆಂದರೆ, ನೀವು ಒಂದು ಸಲ ಒತ್ತಿದ ಅಕ್ಷರ ಒಮ್ಮೆ ಬೀಳುವುದೇ ಇಲ್ಲ, ಇನ್ನೊಮ್ಮೆ ಎರಡೆರಡು ಬೀಳುತ್ತದೆ. ಗುಂಡಿ ಬಿಟ್ಟ ಸುದ್ದಿ ಡಾಂಗಲಿಗೆ ತಲುಪದಿದ್ದರೆ ನೀವಿನ್ನೂ ಒತ್ತಿಯೇ ಇದ್ದೀರಿ ಎಂದು ಟಿವಿ ತಿಳಿಯುತ್ತದೆ. ಕಂಡುಹಿಡಿಯುವುದು ಸುಲಭ, ಚುಕ್ಕಿಗಳನ್ನು ಎಣಿಸಿ. `kaveri4827` ಹತ್ತು ಅಕ್ಷರ. ಚುಕ್ಕಿ ಒಂಬತ್ತೋ ಹನ್ನೊಂದೋ ಇದ್ದರೆ ನಿಮ್ಮ ನೆನಪು ತಪ್ಪಿದ್ದಲ್ಲ, ಸಿಗ್ನಲ್ ತಪ್ಪಿದ್ದು. ಒಂದು ಗೇಣುದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ವೈರ್ ತಂದು ಡಾಂಗಲನ್ನು ಟಿವಿಯ ಅಂಚಿನಿಂದ ಕಾಣುವಂತೆ ಹೊರಗೆ ತನ್ನಿ, ನೀಲಿ ಬಣ್ಣದ ಪೋರ್ಟ್ ಬಿಟ್ಟು ಕಪ್ಪು ಪೋರ್ಟಿಗೆ ಹಾಕಿ. ಬಹುಪಾಲು ಅಷ್ಟಕ್ಕೇ ಸರಿಹೋಗುತ್ತದೆ.

ಎರಡನೆಯದು ಭದ್ರತೆ, ಅದೂ ನಾವಿಲ್ಲಿ ಹೊಡೆಯುತ್ತಿರುವುದು ಪಾಸ್‌ವರ್ಡ್ ಆದ್ದರಿಂದ. 2016ರಲ್ಲಿ ಬ್ಯಾಸ್ಟಿಲ್ ಎಂಬ ಅಮೆರಿಕದ ಭದ್ರತಾ ಕಂಪನಿ ಹಲವು ಅಗ್ಗದ ವೈರ್‌ಲೆಸ್ ಕೀಬೋರ್ಡ್‌ಗಳನ್ನು ಪರೀಕ್ಷೆ ಮಾಡಿತು. ಕೆಲವು ಕೀಬೋರ್ಡ್‌ಗಳು ಒತ್ತಿದ ಅಕ್ಷರವನ್ನು ಗುಪ್ತಲಿಪಿ ಇಲ್ಲದೆ ಹಾಗೆಯೇ ಗಾಳಿಗೆ ಬಿಡುತ್ತಿದ್ದವು, 250 ಅಡಿ ದೂರದಿಂದ ಅದನ್ನು ಕೇಳಿಸಿಕೊಳ್ಳಬಹುದಿತ್ತು. 250 ಅಡಿ ಎಂದರೆ ಅಪಾರ್ಟ್‌ಮೆಂಟಿನಲ್ಲಿ ಎಷ್ಟು ಮನೆ ಎಂದು ನೀವೇ ಲೆಕ್ಕ ಹಾಕಿ. ಆದ್ದರಿಂದ ಡಬ್ಬದ ಮೇಲೆ ಎಇಎಸ್ 128 ಎಂದೋ ಎನ್‌ಕ್ರಿಪ್ಟೆಡ್ ಎಂದೋ ಬರೆದಿರುವುದನ್ನು ನೋಡಿ. ಏನೂ ಬರೆಯದ ಮಿನಿ ಕೀಬೋರ್ಡ್ ನಿಮ್ಮ ಬಳಿ ಈಗಾಗಲೇ ಇದ್ದರೆ ಅದರಲ್ಲಿ ಸಿನಿಮಾ ಹೆಸರು ಹುಡುಕಿ, ಬೇಕಾದರೆ ಸಣ್ಣ ಆ್ಯಪ್‌ಗಳಿಗೂ ಬಳಸಿ, ಗೂಗಲ್ ಖಾತೆಯ ಅಥವಾ ಬ್ಯಾಂಕಿನ ಪಾಸ್‌ವರ್ಡನ್ನು ಮಾತ್ರ ಹೊಡೆಯಬೇಡಿ.

ಬ್ಲೂಟೂತ್ ಕೀಬೋರ್ಡ್

ಟಿವಿಗೆ ಸ್ಟಿಕ್ ಹಾಕಿಕೊಂಡವರಿಗೆ ಇದೇ ಸರಿ. ಫೈರ್ ಟಿವಿ ಸ್ಟಿಕ್‌ನಲ್ಲಿ ಇರುವ ಒಂದು ಯುಎಸ್‌ಬಿ ಕಿಂಡಿ ಕರೆಂಟಿಗೇ ಬೇಕು, ಡಾಂಗಲ್ ಹಾಕಬೇಕೆಂದರೆ ಕರೆಂಟನ್ನೂ ಕೊಡುವ ಒಟಿಜಿ ವೈರ್ ಹುಡುಕಬೇಕು. ಅದರ ಬದಲು ಬ್ಲೂಟೂತ್ ಕೀಬೋರ್ಡನ್ನು ಸೆಟ್ಟಿಂಗ್ಸ್‌ನ `Other Bluetooth Devices` ಎಂಬಲ್ಲಿ ಸೇರಿಸುವುದು ಸುಲಭ. ಗೂಗಲ್ ಟಿವಿಯಲ್ಲಿ ಇದು `Remotes & Accessories` ಎಂಬಲ್ಲಿ ಸಿಗುತ್ತದೆ. ಕೀಬೋರ್ಡಿನ ಪೇರಿಂಗ್ ಗುಂಡಿಯನ್ನು ನೀಲಿ ದೀಪ ಮಿನುಗುವ ತನಕ ಒತ್ತಿ ಹಿಡಿಯಿರಿ, ಟಿವಿಯಲ್ಲಿ ಹೆಸರು ಬಂದಾಗ ಆರಿಸಿ. ಕೆಲವು ಕೀಬೋರ್ಡ್‌ಗಳಿಗೆ ಟಿವಿ ಆರಂಕಿಯ ಸಂಖ್ಯೆ ತೋರಿಸುತ್ತದೆ. ಅದನ್ನು ರಿಮೋಟಿನಲ್ಲಲ್ಲ, ಆ ಕೀಬೋರ್ಡಿನಲ್ಲೇ ಹೊಡೆದು ಎಂಟರ್ ಒತ್ತಬೇಕು. ಬಹಳ ಜನ ಎಂಟರ್ ಒತ್ತುವುದನ್ನು ಮರೆತು ಪೇರ್ ಆಗಲಿಲ್ಲ ಎಂದುಕೊಳ್ಳುತ್ತಾರೆ.

ಪೇರ್ ಆದ ಮೇಲೆ ಮಾತು ಗುಪ್ತಲಿಪಿಯಲ್ಲೇ ನಡೆಯುತ್ತದೆ, ಹೆಸರಿಲ್ಲದ ಡಾಂಗಲಿಗಿಂತ ಈ ವಿಷಯದಲ್ಲಿ ನನಗೆ ಇದರ ಮೇಲೆ ಹೆಚ್ಚು ನಂಬಿಕೆ. ಯುಎಸ್‌ಬಿ ಪೋರ್ಟೂ ಖಾಲಿ ಉಳಿಯುತ್ತದೆ. ಆದರೆ ಹೊಸ ಟಿವಿಯ ಮೊದಲ ಸೆಟಪ್ಪಿನಲ್ಲಿ ಬ್ಲೂಟೂತ್ ಸೇರಿಸುವ ಪುಟವೇ ಬರದಿರಬಹುದು. ಆಗ ವೈಫೈ ಪಾಸ್‌ವರ್ಡನ್ನು ರಿಮೋಟಿನಲ್ಲೇ ಹೊಡೆಯಬೇಕಾಗುತ್ತದೆ, ನಾವು ಕೊಂಡದ್ದೇ ಆ ಕೆಲಸಕ್ಕಾಗಿದ್ದರೂ.

ಬ್ಲೂಟೂತಿನಲ್ಲಿ ನನ್ನನ್ನು ಅತಿ ಹೆಚ್ಚು ಸತಾಯಿಸಿದ್ದು ನಿದ್ದೆ. ಬ್ಯಾಟರಿ ಉಳಿಸಲು ಕೀಬೋರ್ಡ್ ಕೆಲವು ನಿಮಿಷ ಸುಮ್ಮನಿದ್ದರೆ ಮಲಗಿಬಿಡುತ್ತದೆ. ಮೊದಲ ಗುಂಡಿ ಒತ್ತಿದಾಗ ಎದ್ದು ಟಿವಿಯನ್ನು ಮತ್ತೆ ಹಿಡಿಯಲು ಒಂದೆರಡು ಸೆಕೆಂಡ್ ಬೇಕು. ಅಷ್ಟರಲ್ಲಿ ಹೊಡೆದ ಅಕ್ಷರ ಹೋಯಿತೆಂದೇ ಲೆಕ್ಕ. ಬೇರೆ ಕಡೆಯಾದರೆ ಮೊದಲಕ್ಷರ ಇಲ್ಲದ್ದು ಕಾಣುತ್ತದೆ, ಪಾಸ್‌ವರ್ಡಿನಲ್ಲಿ `kaveri4827` ಹೋಗಿ `averi4827` ಆದದ್ದು ಯಾರಿಗೂ ಕಾಣುವುದಿಲ್ಲ. ಒಂದು ಸಣ್ಣ ಆ್ಯಪಿಗೆ ಹೀಗೇ ಮತ್ತೆ ಮತ್ತೆ ತಪ್ಪು ಹೊಡೆದು ಖಾತೆಯನ್ನು ಅರ್ಧ ಗಂಟೆ ಲಾಕ್ ಮಾಡಿಸಿಕೊಂಡಿದ್ದೇನೆ. ಈಗ ನನಗೆ ಒಂದು ಅಭ್ಯಾಸವಾಗಿದೆ: ಮೊದಲು ಬರೀ ಶಿಫ್ಟ್ ಒತ್ತುತ್ತೇನೆ, ಎರಡು ಸೆಕೆಂಡ್ ಕಾಯುತ್ತೇನೆ, ಆಮೇಲೆ ಶುರು. ಶಿಫ್ಟ್ ಒಂದನ್ನೇ ಒತ್ತಿದರೆ ಯಾವ ಅಕ್ಷರವೂ ಬೀಳುವುದಿಲ್ಲ, ಕೀಬೋರ್ಡ್ ಮಾತ್ರ ಏಳುತ್ತದೆ.

ಮೌಸ್ ಮತ್ತು ಏರ್ ಮೌಸ್

ಪಾಸ್‌ವರ್ಡಿಗೆಂದೇ ಮೌಸ್ ತರಬೇಡಿ. ಅದು ಅಕ್ಷರ ಹೊಡೆಯುವುದಿಲ್ಲ, ತೆರೆಯ ಮೇಲಿನ ಕೀಬೋರ್ಡಿನಲ್ಲಿ ಬೆರಳಿಟ್ಟು ತೋರಿಸುತ್ತದೆ ಅಷ್ಟೆ. 49 ಒತ್ತು ಹತ್ತು ಕ್ಲಿಕ್‌ಗೆ ಇಳಿಯುತ್ತದೆ ನಿಜ, ಆದರೆ ಪ್ರತಿ ಕ್ಲಿಕ್ಕಿಗೂ ಗುರಿ ಇಡಬೇಕು. ಸೋಫಾದ ತೋಳಿನ ಮೇಲೆ ಮೌಸ್ ಎಳೆಯುತ್ತ ಎಂಟು ಅಡಿ ದೂರದ ಪುಟ್ಟ ಚೌಕಕ್ಕೆ ಗುರಿ ಇಡುವುದು ಸುಲಭವಲ್ಲ. ಯಾವ ಅಕ್ಷರ ಎಂದು ಪಕ್ಕದವರಿಗೂ ಕಾಣುತ್ತದೆ. ಜೊತೆಗೆ ರಿಮೋಟಿನ ಬಾಣಕ್ಕೆಂದೇ ಮಾಡಿದ ಕೆಲವು ಆ್ಯಪ್‌ಗಳಲ್ಲಿ ಮೌಸಿನ ಬಾಣ ಕಾಣುತ್ತದೆ, ಕ್ಲಿಕ್ ಮಾಡಿದರೆ ಏನೂ ಆಗುವುದಿಲ್ಲ. ಆಪಲ್ ಟಿವಿಗಂತೂ ಮೌಸ್ ಹಿಡಿಸುವುದೇ ಇಲ್ಲ, ಬ್ಲೂಟೂತ್ ಕೀಬೋರ್ಡ್ ಮಾತ್ರ. ಎಲ್‌ಜಿ ಟಿವಿ ಜೊತೆ ಮ್ಯಾಜಿಕ್ ರಿಮೋಟ್ ಬಂದಿದ್ದರೆ ಮೌಸಿನ ಕೆಲಸ ಆಗಲೇ ನಿಮ್ಮ ಕೈಯಲ್ಲಿದೆ.

ಮೌಸ್ ಬೇಕಾಗುವುದು ಬ್ರೌಸರ್‌ಗೆ. ಕೆಲವು ವೆಬ್ ಪುಟಗಳಲ್ಲಿ ಪಾಸ್‌ವರ್ಡ್ ಜಾಗವನ್ನು ಬಾಣದ ಗುಂಡಿಯಿಂದ ತಲುಪುವುದೇ ಕಷ್ಟ, ಅಲ್ಲಿ ಒಂದು ಕ್ಲಿಕ್ ಬೇಕು. ಟಚ್‌ಪ್ಯಾಡ್ ಇರುವ ಕೀಬೋರ್ಡ್ ತಗೊಳ್ಳಿ ಎಂದು ನಾನು ಹೇಳುವುದು ಇದಕ್ಕೇ. ಗಾಳಿಯಲ್ಲಿ ಆಡಿಸಿದರೆ ಬಾಣ ಓಡುವ ಏರ್ ಮೌಸ್ ರಿಮೋಟ್‌ಗಳಿವೆ. ಅದನ್ನೇ ತರುವುದಾದರೆ ಹಿಂಬದಿಯಲ್ಲಿ ಪೂರ್ತಿ ಅಕ್ಷರಗಳ ಗುಂಡಿ ಇರುವುದನ್ನು ತನ್ನಿ. ಒಂದು ಬದಿ ರಿಮೋಟ್, ತಿರುಗಿಸಿದರೆ ಕೀಬೋರ್ಡ್, ಹಿರಿಯರ ಕೈಗೂ ಒಗ್ಗುತ್ತದೆ.

ಯಾವುದನ್ನು ತಂದರೂ ಎದುರಾಗುವ ಎರಡು ತೊಡಕು

ಮೊದಲನೆಯದು `@`. ನಮ್ಮಲ್ಲಿ ಮಾರುವ ಕೀಬೋರ್ಡ್‌ಗಳ ಮೇಲೆ ಹೆಚ್ಚಾಗಿ ಅಮೆರಿಕದ ಅಚ್ಚು ಇರುತ್ತದೆ, ಶಿಫ್ಟ್ ಜೊತೆ 2 ಒತ್ತಿದರೆ `@`. ಟಿವಿಯ ಭಾಷೆ ಬ್ರಿಟಿಷ್ ಇಂಗ್ಲಿಷ್ ಎಂದಿದ್ದರೆ ಅದು ಕೀಬೋರ್ಡನ್ನೂ ಬ್ರಿಟಿಷ್ ಎಂದೇ ತಿಳಿಯಬಹುದು. ಆಗ ಅದೇ ಶಿಫ್ಟ್ 2 ಒತ್ತಿದರೆ ಬೀಳುವುದು `"`, ಶಿಫ್ಟ್ 3 ಒತ್ತಿದರೆ `#` ಬದಲು `£`. ಚುಕ್ಕಿ ಎಣಿಸಿದರೂ ಸಂಖ್ಯೆ ಸರಿಯಾಗೇ ಇರುತ್ತದೆ, ಟಿವಿ ಮಾತ್ರ ತಪ್ಪು ಎನ್ನುತ್ತಿರುತ್ತದೆ. ವೈಫೈ ಇದ್ದರೆ ಯೂಟ್ಯೂಬಿನ ಹುಡುಕುವ ಜಾಗದಲ್ಲಿ, ಇಲ್ಲದಿದ್ದರೆ ಅದೇ ಪುಟದಲ್ಲಿ ಪಾಸ್‌ವರ್ಡ್ ತೋರಿಸುವ ಕಣ್ಣಿನ ಗುರುತನ್ನು ಒತ್ತಿ, ಮೊದಲು ಬರೀ `@ # _` ಹೊಡೆದು ನೋಡಿ. ಬೇರೆ ಬಂದರೆ ಕೀಬೋರ್ಡ್ ಸೆಟ್ಟಿಂಗ್ಸ್‌ನಲ್ಲಿ `English (US)` ಮಾಡಿ. ಅದು ಸಿಗದಿದ್ದರೆ ಸದ್ಯಕ್ಕೆ ಎಂಟರ್ ಪಕ್ಕದ `'` ಗುಂಡಿಯನ್ನು ಶಿಫ್ಟ್ ಜೊತೆ ಒತ್ತಿ, ಬ್ರಿಟಿಷ್ ಜೋಡಣೆಯಲ್ಲಿ `@` ಅಲ್ಲೇ ಇದೆ. ಭಾವನ ಮನೆಯ ಪಾಸ್‌ವರ್ಡ್ ನನಗೆ ಮೊದಲ ಸಲಕ್ಕೇ ಕೂಡಿಬಂದದ್ದು ಹೀಗೆ ಕಣ್ಣಿನ ಗುರುತು ಒತ್ತಿ ಚೀಟಿಯ ಜೊತೆ ತಾಳೆ ನೋಡಿದ್ದರಿಂದ. ಸುತ್ತ ಹೊರಗಿನವರಿದ್ದರೆ ಮಾತ್ರ ಅದನ್ನು ಒತ್ತಬೇಡಿ.

ಎರಡನೆಯದು ಆ್ಯಪ್‌ಗಳದು. ಕೆಲವು ಆ್ಯಪ್‌ಗಳು ಟಿವಿಯ ಕೀಬೋರ್ಡ್ ಬಳಸದೆ ತಮ್ಮದೇ ಅಕ್ಷರದ ಚೌಕ ಬಿಡಿಸಿಕೊಂಡಿರುತ್ತವೆ. ಅಂಥ ಕಡೆ ನೀವು k ಒತ್ತಿದರೆ ಏನೂ ಬೀಳದಿರಬಹುದು, ಬಾಣ ಮತ್ತು ಎಂಟರ್ ಮಾತ್ರ ನಡೆಯುತ್ತವೆ. ಕೀಬೋರ್ಡ್ ಕೆಟ್ಟಿದೆ ಎಂದು ವಾಪಸ್ ಮಾಡುವ ಮುಂಚೆ ಬೇರೆ ಆ್ಯಪಿನಲ್ಲಿ ಹೊಡೆದು ನೋಡಿ. ಇದೇ ಕಾರಣಕ್ಕೆ ಕೊಳ್ಳುವಾಗ ವಾಪಸ್ ತಗೊಳ್ಳುವ ಅಂಗಡಿಯಲ್ಲೇ ಕೊಳ್ಳಿ, ತಂದ ದಿನವೇ ನೀವು ಬಳಸುವ ಎಲ್ಲಾ ಆ್ಯಪ್‌ಗಳಲ್ಲಿ ಒಮ್ಮೆ ಹೊಡೆದು ನೋಡಿ.

ಕೆಲಸ ಮುಗಿದ ಮೇಲೆ ಡಾಂಗಲ್ ತೆಗೆದಿಡಿ ಎನ್ನುವುದನ್ನೂ ಹೇಳಬೇಕು. ಕೀಬೋರ್ಡ್ ಸಿಕ್ಕಿಸಿರುವಾಗ ಕೆಲವು ಟಿವಿಗಳು ತೆರೆಯ ಮೇಲಿನ ಅಕ್ಷರಗಳನ್ನು ತೋರಿಸುವುದನ್ನೇ ನಿಲ್ಲಿಸುತ್ತವೆ. ನಮ್ಮ ಮನೆಯಲ್ಲಿ ಡಾಂಗಲ್ ಹಾಗೇ ಬಿಟ್ಟು ನಾನು ಊರಿಗೆ ಹೋಗಿದ್ದೆ. ಅಮ್ಮ ಫೋನ್ ಮಾಡಿ, "ಏನೋ ಇದು, ಭಜನೆ ಹುಡುಕೋಣ ಅಂದ್ರೆ ಅಕ್ಷರಾನೇ ಬರ್ತಿಲ್ವಲ್ಲೋ" ಎಂದರು. "ಟಿವಿ ಹಿಂದೆ ಉಗುರಿನಷ್ಟು ಕಪ್ಪು ತುಂಡು ಇದೆ ನೋಡಮ್ಮ, ಅದನ್ನ ಎಳೆದುಬಿಡು" ಎಂದೆ. ಎಳೆದರು, ಅಕ್ಷರಗಳು ಬಂದವು. ಈಗ ಆ ಡಾಂಗಲ್ ಕೀಬೋರ್ಡಿನ ಹೊಟ್ಟೆಯಲ್ಲಿ ಬ್ಯಾಟರಿ ಪಕ್ಕದ ಗೂಡಿನಲ್ಲಿರುತ್ತದೆ.